ಮೂರಂಕದ ಪ್ರಶ್ನೆಗಳಲ್ಲೇ ಸಮಯ ಸೋರುತ್ತೆ

ದಾವಣಗೆರೆಯಿಂದ ಹರಿಹರದ ಬಸ್ಸು ಹತ್ತಿ, ಎಸ್ಸೆಸ್ಸೆಲ್ಸಿ ಗಣಿತದ ಪೂರ್ವಸಿದ್ಧತಾ ಪರೀಕ್ಷೆಗೆ ಬರೆದಿಟ್ಟ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ನಿಮಿಷಗಳ ಲೆಕ್ಕ ಹಾಕುತ್ತಾ ಕೂತಿದ್ದೆ.

80 ಅಂಕ, ಓದಿಕೊಳ್ಳುವ 15 ನಿಮಿಷ ಬಿಟ್ಟರೆ 180 ನಿಮಿಷ. ಅಂಕಕ್ಕೆ ಎರಡೂಕಾಲು ನಿಮಿಷ ಅಂತ ನಾವೆಲ್ಲ ಸಲೀಸಾಗಿ ಭಾಗಿಸಿಬಿಡ್ತೀವಿ. ಆದರೆ ಪ್ರಶ್ನೆಗಳು ಹಾಗೆ ಸಮನಾಗಿ ಸಮಯ ತಿನ್ನಲ್ಲ. ಬಹು ಆಯ್ಕೆಯ 8ಕ್ಕೆ ಒಂದೊಂದು ನಿಮಿಷ, ಒಂದಂಕದ 8ಕ್ಕೆ ಒಂದೂವರೆ, ಎರಡಂಕದ 8ಕ್ಕೆ ನಾಲ್ಕು, ಮೂರಂಕದ 9ಕ್ಕೆ ಏಳು, ನಾಲ್ಕಂಕದ 4ಕ್ಕೆ ಹತ್ತು, ಐದಂಕದ ಒಂದಕ್ಕೆ ಹನ್ನೆರಡು ನಿಮಿಷ ಕೊಟ್ಟೆ. ಒಟ್ಟು 167. ತಾಳೆ ನೋಡಲು 13 ಉಳೀತು.

ಈಗ ಮೂರಂಕದ್ದನ್ನು ಏಳರಿಂದ ಒಂಬತ್ತಕ್ಕೆ ಏರಿಸಿ ನೋಡಿ. 18 ನಿಮಿಷ ಹೆಚ್ಚಾಗಿ 185 ಆಗುತ್ತೆ, ಅಂದ್ರೆ ಪತ್ರಿಕೆ ಮೂರು ಗಂಟೆಗೆ ಹಿಡಿಸಲ್ಲ! ಸರಾಸರಿಯ ಉದ್ದನೆ ಕೋಷ್ಟಕ, ಸ್ಪರ್ಶಕದ ಸಾಧನೆ, ತ್ರಿಕೋನಮಿತಿಯ ನಿತ್ಯಸಮೀಕರಣ ಎಲ್ಲವನ್ನೂ ಅಲ್ಲೇ ತುಂಬಿದರೆ ಒಂಬತ್ತು ನಿಮಿಷ ಆಗೇ ಆಗುತ್ತೆ. 'ಅಥವಾ' ಇದ್ದ ಕಡೆ ಎರಡನ್ನೂ ಓದಿ ಆರಿಸಿಕೊಳ್ಳೋ ಹೊತ್ತು ಬೇರೆ.

ಉತ್ತರಪತ್ರಿಕೆಯಲ್ಲೂ ಈ ಸಮಯದ ಕೊರತೆ ಕಾಣುತ್ತೆ. ಚುರುಕು ಮಕ್ಕಳೂ ಕೊನೇ ಪ್ರಶ್ನೆಯ ಚಿತ್ರ, ದತ್ತ ಬರೆದು ಅಲ್ಲಿಗೇ ಬಿಟ್ಟಿದ್ದರೆ ತಪ್ಪು ಪತ್ರಿಕೆ ತೆಗೆದವರದ್ದು ಅಂತಲೇ ನನ್ನ ಅಭಿಪ್ರಾಯ. ಹಾಗಾಗಿ ಉದ್ದನೆಯ ಕೋಷ್ಟಕದ ಬದಲು ನೇರ ಸೂತ್ರದ ಒಂದು ಲೆಕ್ಕ ಹಾಕಿದೆ.

ಗಣಿತ ಮೇಷ್ಟ್ರುಗಳೇ, ಮೇಡಂಗಳೇ, ನೀವು ಮೂರಂಕಕ್ಕೆ ಎಷ್ಟು ನಿಮಿಷ ಹಿಡೀತೀರಿ?