ಆ ಹತ್ತು ಗಂಟೆ

ಆಸ್ಪತ್ರೆಗೆ ಹೋದ ಮನುಷ್ಯ ಮೊದಲಿನ ಹಾಗೆ ವಾಪಸ್ ಬರದಿದ್ದರೆ ನಮ್ಮ ತಿಪಟೂರು ಸೀಮೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಹಣೆಬರಹ ಬಿಡಪ್ಪ." ಇನ್ನೊಂದು, "ಆ ಡಾಕ್ಟ್ರನ್ನ ಸುಮ್ನೆ ಬಿಡಬಾರ್ದು." ಕಾನೂನು ಎರಡನ್ನೂ ಹಾಗೇ ಒಪ್ಪಲ್ಲ ಅನ್ನೋದು ನನಗೆ ತಿಳಿದದ್ದು ನಮ್ಮ ಸೋದರಮಾವನ ಬಲಗೈ ವಿಚಾರದಲ್ಲಿ.

ಮಾವನ ತೋಟ ಇರೋದು ತುರುವೇಕೆರೆ ಕಡೆ. ಅಟ್ಟದಿಂದ ಕೊಬ್ಬರಿ ಇಳಿಸುವಾಗ ಏಣಿ ಜಾರಿ ಬಿದ್ದರು. ಮೊಣಕೈ ಕೆಳಗಿನ ಎರಡೂ ಮೂಳೆ ಮುರಿದವು. ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸಂಜೆ ಮೂಳೆ ಕೂರಿಸಿ, ಕೈ ಸುತ್ತ ಪೂರ್ತಿ ಪ್ಲಾಸ್ಟರ್ ಹಾಕಿದರು. ರಾತ್ರಿ ಹನ್ನೊಂದಕ್ಕೆ ನೋವು ತಡೆಯಲಾಗದೆ ಕೂಗಿಕೊಂಡರು. ಬೆರಳು ಜೋಮು ಹಿಡಿದಿತ್ತು. ನರ್ಸ್ ನೋವಿನ ಇಂಜೆಕ್ಷನ್ ಕೊಟ್ಟರು. ಡಾಕ್ಟರು ಬಂದು ಪ್ಲಾಸ್ಟರ್ ಬಿಡಿಸಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಅಲ್ಲಿಂದ ಬೆಂಗಳೂರಿಗೆ ಕರೆತಂದು ಆಪರೇಷನ್ ಮಾಡಿಸಿದರೂ ಬೆರಳು ಮಡಚಿಕೊಂಡೇ ಉಳಿದವು. ಆ ಕೈಯಲ್ಲಿ ಈಗ ಮಚ್ಚು ಹಿಡಿಯೋಕಾಗಲ್ಲ.

ಮೂಳೆ ಮುರಿದ ಕಡೆ ಊದೋದು ಸಹಜ. ಬಿಗಿ ಪ್ಲಾಸ್ಟರಿನೊಳಗೆ ಆ ಊತಕ್ಕೆ ಜಾಗ ಇರಲ್ಲ. ಒತ್ತಡ ಏರಿ ಮಾಂಸಖಂಡಕ್ಕೆ ರಕ್ತ ಹೋಗೋದು ನಿಲ್ಲುತ್ತೆ. ಸುಮಾರು ಆರು ಗಂಟೆ ಹೀಗೇ ಇದ್ದರೆ ಮಾಂಸಖಂಡ ಸತ್ತು, ಆಮೇಲೆ ಕುಗ್ಗಿ ಬೆರಳನ್ನು ಒಳಗೆ ಎಳೆಯುತ್ತೆ. ಗಾಯಕ್ಕೆ ಮೀರಿದ ನೋವು, ಬೆರಳು ನೆಟ್ಟಗೆ ಮಾಡಿದರೆ ಚೀರುವಂಥ ನೋವು, ಇವು ಎಚ್ಚರಿಕೆಯ ಗುರುತು. ಕೂಡಲೇ ಪ್ಲಾಸ್ಟರ್ ಸೀಳಬೇಕು, ಅದರಿಂದಲೂ ಇಳಿಯದಿದ್ದರೆ ಆಪರೇಷನ್ ಮಾಡಬೇಕು.

ತುಮಕೂರಿನ ವಕೀಲರೊಬ್ಬರ ಹತ್ತಿರ ಹೋದಾಗ ಅವರು ಮೊದಲೇ ಹೇಳಿದರು: "ನೋಡಿ, ಕೈ ಹೋಯ್ತು ಅಂದ್ರೆ ಅಷ್ಟಕ್ಕೇ ಕೇಸಾಗಲ್ಲ. ಡಾಕ್ಟರ್ ಮಾಡಬೇಕಾದ್ದನ್ನ ಮಾಡಲಿಲ್ಲ ಅಂತ ತೋರಿಸಬೇಕು. ಅದರಿಂದಲೇ ಕೈ ಹೋಯ್ತು ಅಂತಲೂ ತೋರಿಸಬೇಕು."

ಮೊದಲನೆಯದಕ್ಕೆ ಅಳತೆಗೋಲು ದೇಶದ ಅತಿ ದೊಡ್ಡ ತಜ್ಞನಲ್ಲ, ಅದೇ ವಿಭಾಗದ ಸಾಧಾರಣ ಸಮರ್ಥ ವೈದ್ಯ. ಇದನ್ನು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಪ್ಲಾಸ್ಟರ್ ಹಾಕಿದ್ದೇ ತಪ್ಪು ಅಂತ ನಾವು ವಾದಿಸಿದ್ದರೆ ಸೋಲುತ್ತಿದ್ದೆವು, ಯಾಕಂದ್ರೆ ಊತ ಎಂಥ ಒಳ್ಳೆ ಡಾಕ್ಟರ ಕೈಯಲ್ಲೂ ಬರಬಹುದು. ನಮ್ಮ ದೂರು ಆ ಹತ್ತು ಗಂಟೆಯ ಬಗ್ಗೆ ಮಾತ್ರ.

ಎರಡನೆಯದೇ ಕಷ್ಟದ್ದು. ಹನ್ನೊಂದಕ್ಕೇ ಬಂದು ನೋಡಿದ್ದರೆ ಕೈ ಉಳಿಯುತ್ತಿತ್ತಾ? ಇದಕ್ಕೆ ಕ್ರಿಮಿನಲ್ ಕೇಸಿನ ಹಾಗೆ ಸಂಶಯಾತೀತ ಪುರಾವೆ ಬೇಕಿಲ್ಲ, ಉಳಿಯುವ ಸಾಧ್ಯತೆಯೇ ಹೆಚ್ಚಿತ್ತು ಅಂತ ತೋರಿಸಿದರೆ ಸಾಕು. ಅದೇ ಮಾವ ಬಿದ್ದು ಎರಡು ದಿನ ಮನೆಯಲ್ಲೇ ನಾಟಿ ಕಟ್ಟು ಬಿಗಿಸಿಕೊಂಡಿದ್ದು, ಬೆರಳು ಆಗಲೇ ಕಪ್ಪಾದ ಮೇಲೆ ಆಸ್ಪತ್ರೆಗೆ ಬಂದಿದ್ದರೆ, ಡಾಕ್ಟರು ರಾತ್ರಿ ಬಾರದಿದ್ದರೂ ಪರಿಹಾರ ಸಿಗುತ್ತಿರಲಿಲ್ಲ. ಕೈ ಹೋಗಿದ್ದು ಅವರಿಂದ ಅಂತ ಹೇಳೋಕಾಗುತ್ತಿರಲಿಲ್ಲ.

ನಮ್ಮ ಕೈ ಹಿಡಿದದ್ದು ಅವರದೇ ಕಾಗದ. ದಾಖಲೆ ಕೇಳಿ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕು ಅನ್ನುತ್ತೆ ವೈದ್ಯರ ನಡವಳಿಕೆ ಕುರಿತ 2002ರ ನಿಯಮ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು ಅಂತ ವಕೀಲರು ನರ್ಸುಗಳು ಬರೆದ ಹಾಳೆಗಳನ್ನೂ ಕೇಳಿಸಿದರು. ಅದರಲ್ಲಿ ರಾತ್ರಿ 11ರ ಎದುರು "ತೀವ್ರ ನೋವು, ಬೆರಳು ಮರಗಟ್ಟಿವೆ, ಇಂಜೆಕ್ಷನ್ ಕೊಟ್ಟಿದೆ" ಅಂತಿತ್ತು. ಮುಂದಿನ ಬರಹ ಬೆಳಿಗ್ಗೆ 9ರದು. ಬೆಂಗಳೂರಿನ ಆಪರೇಷನ್ ನೋಟ್ಸ್‌ನಲ್ಲಿ ಮಾಂಸಖಂಡ ಕಪ್ಪಾಗಿದ್ದನ್ನು ಬರೆದಿದ್ದರು. ಇವೆರಡರ ನಡುವಿನ ಕೊಂಡಿಗೆ ಒಬ್ಬ ಮೂಳೆ ತಜ್ಞರ ಲಿಖಿತ ಅಭಿಪ್ರಾಯ ಹಾಕಿದೆವು.

ಎಲ್ಲ ಕೇಸಿಗೂ ತಜ್ಞರ ಸಾಕ್ಷ್ಯ ಕಡ್ಡಾಯವೇನಲ್ಲ. ಹೈದರಾಬಾದಿನ ಕಿಶನ್ ರಾವ್ ಪ್ರಕರಣದಲ್ಲಿ ಅವರ ಹೆಂಡತಿಗೆ ಮಲೇರಿಯಾ ಇದ್ದರೂ ಟೈಫಾಯಿಡ್‌ಗೆ ಚಿಕಿತ್ಸೆ ಕೊಟ್ಟಿದ್ದರು, ಆಕೆ ಉಳಿಯಲಿಲ್ಲ. ಎರಡನೇ ಆಸ್ಪತ್ರೆಯ ದಾಖಲೆಯಲ್ಲಿ ಮಲೇರಿಯಾ ಅಂತ ಸ್ಪಷ್ಟವಾಗಿತ್ತು. ತಜ್ಞರ ಸಾಕ್ಷ್ಯ ಇಲ್ಲ ಅಂತ ರಾಜ್ಯ ಆಯೋಗ ತಳ್ಳಿಹಾಕಿದ್ದ ದೂರನ್ನು 2010ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದು, ಜಿಲ್ಲಾ ವೇದಿಕೆ ಕೊಟ್ಟಿದ್ದ ಎರಡು ಲಕ್ಷದ ಪರಿಹಾರವನ್ನು ಉಳಿಸಿತು. ನಮ್ಮದು ಅಷ್ಟು ನೇರವಲ್ಲ. ಮಾಂಸಖಂಡ ಎಷ್ಟು ಹೊತ್ತಿಗೆ ಸಾಯುತ್ತೆ ಅಂತ ಆಯೋಗಕ್ಕೆ ಯಾರಾದರೂ ಹೇಳಲೇಬೇಕಿತ್ತು.

ದುಡ್ಡು ಕಟ್ಟಿ ಚಿಕಿತ್ಸೆ ಪಡೆದಿದ್ದರಿಂದ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಸಾಧ್ಯವಾಯಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆಯಾಗಿದ್ದರೆ ಆ ದಾರಿ ಇಲ್ಲ, ಸಿವಿಲ್ ಕೋರ್ಟೇ ಗತಿ. ಆಯೋಗಕ್ಕೆ ಹೋಗಲು ಇರುವ ಗಡುವು ಎರಡು ವರ್ಷ. "ಮೊದಲು ಕೈ ಸರಿಹೋಗಲಿ, ಆಮೇಲೆ ನೋಡೋಣ ಕಣಪ್ಪ" ಅಂತ ಮಾವ ಹದಿನಾಲ್ಕು ತಿಂಗಳು ಕಳೆದಿದ್ದರು.

ಕೇಸು ಇನ್ನೂ ನಡೀತಿದೆ. ಈಗ ಪ್ರಶ್ನೆ ನಷ್ಟ ಎಷ್ಟು ಅನ್ನೋದು. ಕಾಯಿ ಸುಲಿಯೋಕೆ, ಕೊಬ್ಬರಿ ಒಡೆಯೋಕೆ ಆಳಿಗೆ ಕೊಟ್ಟ ಕೂಲಿಯನ್ನು ಅತ್ತೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿಟ್ಟಿದ್ದಾರೆ. ಬಲಗೈಯ ಬೆಲೆ ಹೇಳೋಕೆ ಸದ್ಯ ನಮ್ಮ ಹತ್ತಿರ ಇರೋದು ಅದೇ.