ವಿರಿಯನ್ ಎಂಬ ಪದಕ್ಕೆ ಯಾವ ಅಂಕೆ?

ನಿಘಂಟು ಎಂದೊಡನೆ ಕನ್ನಡ ವಿದ್ಯಾರ್ಥಿಗಳಿಗೆ 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ನೆನಪಾಗುವುದು ಸಹಜ. ಆಸ್ಪತ್ರೆಯ ಸಂಶೋಧಕರೂ ನಿಘಂಟು ರಚಿಸುತ್ತಾರೆ. ಕೈಬರಹದ ರೋಗಿದಾಖಲೆಗಳಲ್ಲಿರುವ ಸಂಗತಿಗಳನ್ನು ಗಣಕಯಂತ್ರದ ಕೋಷ್ಟಕಕ್ಕೆ ಇಳಿಸುವಾಗ, ಕೋಷ್ಟಕದ ಪ್ರತಿ ಕಂಬಸಾಲಿನ ಹೆಸರೇನು, ಅದರ ಅರ್ಥವೇನು, ಅದರಲ್ಲಿ ಯಾವ ಅಂಕೆಗಳು ಬರಬಹುದು, ಒಂದೊಂದು ಅಂಕೆಯೂ ಏನನ್ನು ಸೂಚಿಸುತ್ತದೆ ಎಂಬುದನ್ನು ಮೊದಲೇ ಬರೆದಿಡಬೇಕು. ಇದೇ ದತ್ತಾಂಶ ನಿಘಂಟು. ಅಂಕೆಗಳ ಪಟ್ಟಿ ಅದರ ಸಂಕೇತಸೂಚಿ. ಪದದ ಅರ್ಥವನ್ನು ನಿರ್ಣಯಿಸುವ ಕಷ್ಟ ಇಲ್ಲಿಯೂ ತಪ್ಪಿದ್ದಲ್ಲ. ತಮಿಳುನಾಡಿನ ತೇನಿ ಮತ್ತು ದಿಂಡಿಗಲ್ ಸೀಮೆಯ ಹಾವುಕಡಿತದ ದಾಖಲೆಗಳನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಆ ಕಷ್ಟ ಸ್ಪಷ್ಟವಾಗುತ್ತದೆ.

ತೇನಿ ಜಿಲ್ಲೆಯ ಕಂಬಂ ಕಣಿವೆ ಪೆರಿಯಾರ್ ಅಣೆಕಟ್ಟಿನ ನೀರುಂಡು ಬೆಳೆದ ನಾಡು. ಕೆಳಗೆ ಭತ್ತ, ದ್ರಾಕ್ಷಿ, ತೆಂಗು. ಪಶ್ಚಿಮದ ಬೆಟ್ಟ ಹತ್ತಿದರೆ ಕೇರಳದ ಏಲಕ್ಕಿ ತೋಟಗಳು. ಮನೆಯಲ್ಲಿ ಇಂದಿಗೂ ಕನ್ನಡವಾಡುವ ಕಪ್ಪಿಲಿಯರು ಈ ಕಣಿವೆಯಲ್ಲಿದ್ದಾರೆ, ಅನುಪ್ಪರು ದಿಂಡಿಗಲ್ ಕಡೆಯಲ್ಲಿದ್ದಾರೆ. ಇಂತಹ ಮನೆಯಿಂದ ಬಂದ ರೋಗಿಯ ಮಾತು ಕನ್ನಡದಲ್ಲಿ ಹುಟ್ಟಿ, ತಮಿಳಿನಲ್ಲಿ ಹೇಳಲ್ಪಟ್ಟು, ವೈದ್ಯರ ಕೈಯಲ್ಲಿ ಇಂಗ್ಲಿಷಿನ ಸಂಕ್ಷೇಪವಾಗಿ ಹಾಳೆಗಿಳಿಯಬಹುದು. ಕೋಷ್ಟಕದ ಅಂಕೆ ಅದರ ಮೂರನೆಯ ಅನುವಾದ.

ಒಂದು ಕಲ್ಪಿತ ಹಾಳೆಯನ್ನು ನೋಡೋಣ. ನಲವತ್ತೆರಡು ವರ್ಷದ ಹೆಣ್ಣುಮಗಳು, ದ್ರಾಕ್ಷಿತೋಟದ ಕೂಲಿ. ‘ರಾತ್ರಿ 9ಕ್ಕೆ ಎಡಪಾದಕ್ಕೆ ವಿರಿಯನ್ ಕಡಿತ’ ಎಂದಿದೆ. ಮುಂದೆ ಪ್ರತಿವಿಷ ಹತ್ತು ಸೀಸೆ ಕೊಟ್ಟ ಉಲ್ಲೇಖವಿದೆ. ನರಮಂಡಲದ ಸಾಲಿನಲ್ಲಿ ‘ಎನ್.ಎ.ಡಿ.’, ಅಂದರೆ ಅಸಹಜವಾದುದೇನೂ ಕಾಣಲಿಲ್ಲ, ಎಂಬ ಮೂರಕ್ಷರ. ಎರಡು ಗಂಟೆಗಳ ತರುವಾಯ ಬೇರೊಂದು ಕೈಬರಹದಲ್ಲಿ ‘ರೆಪ್ಪೆ ಜೋಲುತ್ತಿದೆ’ ಎಂದಿದೆ.

ಹಾವಿನ ಕಂಬಸಾಲಿನಲ್ಲಿ ಏನು ತುಂಬಬೇಕು? ವಿರಿಯನ್ ಎಂದರೆ ಮಂಡಲದ ಹಾವು ಎಂದುಕೊಂಡವರು ಒಡನೆಯೇ ಕೊಳಕುಮಂಡಲದ ಅಂಕೆಯನ್ನು ಬರೆದುಬಿಡುತ್ತಾರೆ. ತಮಿಳಿನಲ್ಲಿ ಕೊಳಕುಮಂಡಲವು ಕಣ್ಣಾಡಿ ವಿರಿಯನ್. ಆ ಕಣ್ಣಾಡಿ ನಮ್ಮ ಕನ್ನಡಿಯೇ. ಗರಗಸ ಮಂಡಲವು ಸುರುಟ್ಟೈ ವಿರಿಯನ್. ಆದರೆ ಕಟ್ಟುವಿರಿಯನ್ ಎಂಬುದು ಮಂಡಲವಲ್ಲ, ನಾವು ಕಟ್ಟುಹಾವು ಎನ್ನುವ ಬೇರೆಯೇ ಕುಲದ ಹಾವು. ಕೊಳಕುಮಂಡಲ ಕಚ್ಚಿದರೆ ಸಾಮಾನ್ಯವಾಗಿ ನೋವು, ಬಾವು ಏರುತ್ತವೆ, ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ, ಮೂತ್ರಪಿಂಡ ಕೆಡಬಹುದು. ಕಟ್ಟುಹಾವು ಹೆಚ್ಚಾಗಿ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಬಾವು ಅತ್ಯಲ್ಪ, ಅನಂತರ ರೆಪ್ಪೆ ಜೋಲಿ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಕನ್ನಡದ ಹೆಸರುಗಳು ಬೇರ್ಪಡಿಸಿದ ಎರಡು ಹಾವುಗಳನ್ನು ತಮಿಳಿನ ‘ವಿರಿಯನ್’ ಒಂದೇ ಮನೆಯಲ್ಲಿ ಕೂರಿಸಿದೆ. ವಿಶೇಷಣ ಬಿಟ್ಟುಹೋದ ಹಾಳೆಯಲ್ಲಿ ಆ ಮನೆಯ ಯಾರು ಕಚ್ಚಿದರೆಂದು ತಿಳಿಯುವಂತಿಲ್ಲ.

ರೆಪ್ಪೆ ಜೋತಿದೆಯಲ್ಲ, ಆದ್ದರಿಂದ ಕಟ್ಟುಹಾವೇ ಇರಬೇಕು ಎಂದು ಊಹಿಸಲು ಮನಸ್ಸು ತವಕಿಸುತ್ತದೆ. ನಿಘಂಟು ತಡೆಯಬೇಕಾದದ್ದು ಈ ಊಹೆಯನ್ನೇ. ದಕ್ಷಿಣ ಭಾರತ ಮತ್ತು ಶ್ರೀಲಂಕೆಯ ಕೊಳಕುಮಂಡಲದ ಕಡಿತದಲ್ಲಿಯೂ ರೆಪ್ಪೆ ಜೋಲುವುದುಂಟು. ಲಕ್ಷಣ ನೋಡಿ ಹಾವನ್ನು ನಿರ್ಧರಿಸಿ, ಅನಂತರ ಯಾವ ಹಾವಿಗೆ ಯಾವ ಲಕ್ಷಣ ಎಂದು ಎಣಿಸಿದರೆ ಕೋಷ್ಟಕವು ನಾವು ಹೇಳಿಕೊಟ್ಟದ್ದನ್ನೇ ನಮಗೆ ಒಪ್ಪಿಸುತ್ತದೆ. ಮಂಡಲದ ಕಡಿತದಲ್ಲಿ ರೆಪ್ಪೆ ಜೋತ ರೋಗಿಗಳು ಒಬ್ಬೊಬ್ಬರಾಗಿ ಕಟ್ಟುಹಾವಿನ ಪಟ್ಟಿಗೆ ಸರಿದು, ಆ ಸತ್ಯವೇ ಅಧ್ಯಯನದಿಂದ ಮಾಯವಾಗುತ್ತದೆ. ಭಾರತದಲ್ಲಿ ಬಳಸುವ ಪ್ರತಿವಿಷ ನಾಲ್ಕು ಮುಖ್ಯ ಹಾವುಗಳಿಗೂ ಒಂದೇ ಆದುದರಿಂದ ಅಂದಿನ ಚಿಕಿತ್ಸೆಗೆ ಈ ಗೊಂದಲ ಅಡ್ಡಿಯಾಗದಿರಬಹುದು; ಮುಂದಿನ ವೈದ್ಯರು ಕಲಿಯುವ ಪಾಠ ಮಾತ್ರ ತಪ್ಪುತ್ತದೆ.

ಆದ್ದರಿಂದ ಒಂದು ಪ್ರಶ್ನೆಗೆ ಒಂದೇ ಕಂಬಸಾಲು ಸಾಲದು. ನಿಘಂಟಿನ ಆ ಭಾಗ ಹೀಗಿರಬಹುದು:

```
snake_text  : text
snake_code  : 1,2,3,4,5,6,8,9
snake_basis : 1,2,9
ptosis_24h  : 0,1,9
asv_vials   : number
```

ಮೊದಲನೆಯದರಲ್ಲಿ ಹಾಳೆಯ ಮಾತನ್ನು ಇದ್ದಂತೆಯೇ, ತಿದ್ದದೆ ಬರೆಯಬೇಕು. ಎರಡನೆಯದರಲ್ಲಿ 1 ನಾಗರಹಾವು, 2 ಕಟ್ಟುಹಾವು, 3 ಕೊಳಕುಮಂಡಲ, 4 ಗರಗಸ ಮಂಡಲ, 5 ಹೆಸರಿರುವ ಬೇರೆ ಹಾವು, 6 ಬರಿಯ ‘ವಿರಿಯನ್’. ರೋಗಿ ಹಾವನ್ನು ಕಾಣಲಿಲ್ಲವೆಂದು ಬರೆದಿದ್ದರೆ 8. ಹಾವಿನ ವಿಷಯವೇ ಹಾಳೆಯಲ್ಲಿಲ್ಲದಿದ್ದರೆ 9. ಮೂರನೆಯದು ಗುರುತಿನ ಆಧಾರ: ತಂದ ಹಾವನ್ನು ವೈದ್ಯರೇ ನೋಡಿದ್ದರೆ 1, ರೋಗಿ ಅಥವಾ ಬಂಧುಗಳ ಮಾತಾದರೆ 2, ಆಧಾರವೇ ದಾಖಲಾಗದಿದ್ದರೆ 9. ‘ಲಕ್ಷಣದಿಂದ ಊಹೆ’ ಎಂಬ ಅಂಕೆ ಬೇಕೆಂದೇ ಇಲ್ಲ. ನಮ್ಮ ಹಾಳೆಗೆ ಹಾವಿನ ಅಂಕೆ 6, ಆಧಾರದ ಅಂಕೆ 9. ಈ ಉತ್ತರ ಬಡವಾಗಿ ಕಂಡರೂ ಪ್ರಾಮಾಣಿಕವಾದುದು.

ರೆಪ್ಪೆಯ ಕಂಬಸಾಲಿಗೂ ನಿಯಮ ಬೇಕು. ನಮ್ಮ ಹಾಳೆಯ ಒಂದು ಕೈಬರಹ ಇಲ್ಲವೆನ್ನುತ್ತದೆ, ಇನ್ನೊಂದು ಇದೆಯೆನ್ನುತ್ತದೆ. ಎರಡೂ ತಮ್ಮ ತಮ್ಮ ಗಳಿಗೆಗೆ ನಿಜವಿರಬಹುದು. ದಾಖಲಾದ 24 ಗಂಟೆಗಳೊಳಗೆ ಒಮ್ಮೆಯಾದರೂ ಕಂಡಿದ್ದರೆ 1 ಎಂದು ನಿಘಂಟು ಕಾಲವನ್ನು ಗೊತ್ತುಮಾಡಿದರೆ ಜಗಳ ಮುಗಿಯಿತು. ನರಮಂಡಲ ಸಹಜವೆಂದು ಬರೆದು ಬೇರೇನೂ ಇಲ್ಲದಿದ್ದರೆ 0. ಆ ಸಾಲೇ ಖಾಲಿಯಿದ್ದರೆ 9. ಬರೆದಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಇರುವ ಅಂತರವನ್ನು ಮರೆತು ಖಾಲಿ ಜಾಗಗಳಿಗೆಲ್ಲ 0 ತುಂಬಿದರೆ, ಅವಸರದ ರಾತ್ರಿಗಳಲ್ಲಿ ನೋಡಲಾಗದೆ ಹೋದ ರೋಗಿಗಳೆಲ್ಲ ಆರೋಗ್ಯವಂತರಾಗಿಬಿಡುತ್ತಾರೆ.

ಎಣಿಕೆಯ ಕಂಬಸಾಲಿನಲ್ಲಿ ಅಪಾಯ ಬೇರೆ ಬಗೆಯದು. ಪ್ರತಿವಿಷದ ಸೀಸೆಗಳ ಲೆಕ್ಕ ಸಿಗದ ಕಡೆ 99 ಎಂದು ಹಾಕುವ ರೂಢಿಯುಂಟು. ಮೂವರಿಗೆ ಕ್ರಮವಾಗಿ 10, 10, 20 ಸೀಸೆ, ನಾಲ್ಕನೆಯವರ ಲೆಕ್ಕವಿಲ್ಲ ಎನ್ನೋಣ. ಮೂವರ ಸರಾಸರಿ ಹದಿಮೂರರ ಆಸುಪಾಸು. 99 ಸೇರಿದರೆ ಯಂತ್ರ ಯಾವ ಸಂಕೋಚವೂ ಇಲ್ಲದೆ 34.75 ಎನ್ನುತ್ತದೆ. ಆದ್ದರಿಂದ ಇಲ್ಲಿ ಕೋಶವನ್ನು ಖಾಲಿ ಬಿಟ್ಟು, ಕಾರಣವನ್ನು ಪಕ್ಕದ ಕಂಬಸಾಲಿನಲ್ಲಿ ಬರೆಯುವುದು ಲೇಸು. ಕೊಡಲೇ ಇಲ್ಲವೆಂದು ಸ್ಪಷ್ಟವಾಗಿದ್ದರೆ ಮಾತ್ರ 0.

ನಿಘಂಟು ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಮೊದಲ ಮೂವತ್ತು ಹಾಳೆಗಳನ್ನು ಇಬ್ಬರು, ಒಬ್ಬರದನ್ನೊಬ್ಬರು ನೋಡದೆ, ಅಂಕೆಗಿಳಿಸಬೇಕು. ಇಪ್ಪತ್ತನಾಲ್ಕರಲ್ಲಿ ಅಂಕೆಗಳು ಕೂಡಿ ಆರರಲ್ಲಿ ಬೇರೆಯಾದವು ಎಂದುಕೊಳ್ಳೋಣ. ಆ ಆರು ಎಲ್ಲೆಲ್ಲೋ ಚದುರಿದ್ದರೆ ಅದು ಓದಿನ ಅಜಾಗ್ರತೆ. ಆರೂ ‘ವಿರಿಯನ್’ ಹಾಳೆಗಳೇ ಆಗಿದ್ದರೆ ದೋಷ ಓದಿದವರದಲ್ಲ, ನಿಘಂಟಿನದು. ಆಗ ನಿಯಮವನ್ನು ತಿದ್ದಿ, ತಿದ್ದಿದ ದಿನಾಂಕವನ್ನು ನಮೂದಿಸಿ, ಹಿಂದಿನ ಹಾಳೆಗಳಿಗೆಲ್ಲ ಮರಳಬೇಕು. ಹಾಗೆ ಮರಳದಿದ್ದರೆ ಒಂದೇ ಅಂಕೆ ಕೋಷ್ಟಕದ ಮೇಲರ್ಧದಲ್ಲಿ ಒಂದರ್ಥ, ಕೆಳಗರ್ಧದಲ್ಲಿ ಇನ್ನೊಂದರ್ಥ ಕೊಡುತ್ತದೆ.

ರೋಗಿಯ ಹೆಸರು ಈ ಕೋಷ್ಟಕಕ್ಕೆ ಬರುವುದಿಲ್ಲ. ಕ್ರಮಸಂಖ್ಯೆಯೊಂದು ಅವರ ಪರವಾಗಿ ನಿಲ್ಲುತ್ತದೆ, ಹೆಸರಿನ ಪಟ್ಟಿ ಪ್ರತ್ಯೇಕವಾಗಿ ಭದ್ರವಾಗಿರುತ್ತದೆ. ಆದರೆ `snake_text` ಕಂಬಸಾಲಿನಲ್ಲಿ ‘ವಿರಿಯನ್’ ಎಂಬ ಮಾತು ಹಾಗೆಯೇ ಉಳಿದಿರುತ್ತದೆ. ಮುಂದೊಂದು ದಿನ ಆ ಸೀಮೆಯ ನುಡಿಬಲ್ಲವರು ಇನ್ನೂ ಉತ್ತಮ ಅರ್ಥ ಹೇಳಿದರೆ ಅಂಕೆಯನ್ನು ಬದಲಿಸಬಹುದು. ಮೂಲದ ಮಾತನ್ನು ಅಳಿಸಿ ಅಂಕೆಯನ್ನಷ್ಟೇ ಇಟ್ಟುಕೊಂಡಿದ್ದರೆ, ತಪ್ಪಾಗಿದೆಯೆಂದು ತಿಳಿಯುವ ದಾರಿಯೂ ಮುಚ್ಚಿಹೋಗಿರುತ್ತಿತ್ತು.