ಎರಡು ಲೆಕ್ಕ, ಒಂದು ಗಡಿಯಾರ

ಏಪ್ರಿಲ್ ಮೊದಲ ವಾರ. ಮ್ಯಾನೇಜರ್ ಮೇಡಂ ಎರಡು ಪ್ರಿಂಟ್‌ಔಟ್ ಹಿಡಿದು ನನ್ನ ಟೇಬಲ್ ಹತ್ತಿರ ಬಂದರು. ನಮ್ಮದು ಹೋಟೆಲ್‌ಗಳಿಗೆ ತರಕಾರಿ ಕಳಿಸುವ ಕಂಪನಿ. ನಾನು ಬರೆದ ಪ್ರೋಗ್ರಾಂ ತಿಂಗಳ ಕೊನೆಗೆ ತಾನಾಗಿಯೇ ಕಳಿಸುವ ರಿಪೋರ್ಟ್‌ನಲ್ಲಿ ಮಾರ್ಚ್ ಮಾರಾಟ ₹48,36,908. ಟ್ಯಾಲಿಯಲ್ಲಿ ₹48,17,652.

"ಹತ್ತೊಂಬತ್ತು ಸಾವಿರ ಎಲ್ಲಿ ಹೋಯ್ತು? ಅಕೌಂಟ್ಸ್‌ನವರು ಬಿಲ್ ಎಂಟ್ರಿ ಬಿಟ್ಟಿದ್ದಾರಾ?"

ಕಂಪ್ಯೂಟರ್ ಮಾಡಿದ್ದು ಸರಿ, ಮನುಷ್ಯ ಮಾಡಿದ್ದು ತಪ್ಪು ಅಂತ ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಮೂಲೆಯ ಟೇಬಲ್ಲಿನಲ್ಲಿ ಅಕೌಂಟೆಂಟ್ ಸರ್ ತಲೆ ಎತ್ತಲೇ ಇಲ್ಲ. ವರ್ಷಾಂತ್ಯದ ಲೆಕ್ಕ, ಆಡಿಟರ್ ಬೇರೆ ಬರುವವರಿದ್ದರು.

ಒಟ್ಟು ಮೊತ್ತವನ್ನೇ ನೋಡ್ತಾ ಕೂತರೆ ಏನೂ ಗೊತ್ತಾಗಲ್ಲ. ಎರಡೂ ಕಡೆಯ ಬಿಲ್ ನಂಬರ್‌ಗಳನ್ನು ಪಕ್ಕಪಕ್ಕ ಇಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಹುಡುಕಿದೆ. ರಿಪೋರ್ಟ್‌ನಲ್ಲಿ ಮಾತ್ರ ಇದ್ದವು 22, ಟ್ಯಾಲಿಯಲ್ಲಿ ಮಾತ್ರ ಇದ್ದವು 14. ಮೊದಲಿನವೆಲ್ಲ ಏಪ್ರಿಲ್ 1ರ ನಸುಕಿನವು, ಉಳಿದವು ಮಾರ್ಚ್ 1ರ ನಸುಕಿನವು. ಎಲ್ಲವೂ ಬೆಳಗ್ಗೆ ಐದೂವರೆಗೆ ಮುಂಚಿನವೇ. ನನಗೆ ಅಲ್ಲೇ ಬೆವರು ಬಂತು. ತಪ್ಪು ನನ್ನದು.

ಯುಟಿಸಿ, ಟೈಮ್‌ಝೋನ್ ಅಂತ ಶುರು ಮಾಡಿದೆ, ಮೇಡಂ ಮುಖ ಗಂಟಿಕ್ಕಿತು. ಅದನ್ನು ಬಿಟ್ಟು ಒಂದು ಬಿಲ್ ತೋರಿಸಿದೆ.

"ಮೇಡಂ, ಇದರ ಮೇಲೆ ಏನು ಟೈಮ್ ಇದೆ?"

"ಏಪ್ರಿಲ್ 1, ಬೆಳಗಿನ ಜಾವ 3:40."

"ನಮ್ಮ ಡೇಟಾಬೇಸ್‌ನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ. ಅದರ ಪ್ರಕಾರ ಇದು ಮಾರ್ಚ್ 31, ರಾತ್ರಿ 10:10. ಅದಕ್ಕೇ ಮಾರ್ಚ್‌ಗೆ ಸೇರಿಸಿದೆ. ಟ್ಯಾಲಿಗೆ ಸರ್ ಬಿಲ್ಲಿನ ಮೇಲಿರೋ ತಾರೀಖೇ ಹಾಕ್ತಾರೆ."

ಕ್ಯಾಲ್ಕುಲೇಟರ್ ಅವರ ಕೈಗೇ ಕೊಟ್ಟೆ. ರಿಪೋರ್ಟ್‌ನ ಮೊತ್ತದಲ್ಲಿ ಏಪ್ರಿಲ್‌ನ ₹50,740 ಕಳೆದು, ಬಿಟ್ಟುಹೋಗಿದ್ದ ಮಾರ್ಚ್ 1ರ ₹31,480 ಕೂಡಿಸಿದರು. ₹48,17,648.

"ಇನ್ನೂ ನಾಲ್ಕು ರೂಪಾಯಿ?"

ಅದಕ್ಕೆ ಅಕೌಂಟೆಂಟ್ ಸರ್ ಕೂತಲ್ಲಿಂದಲೇ ಉತ್ತರ ಕೊಟ್ಟರು: "ರೌಂಡ್ ಆಫ್, ಮೇಡಂ. ನಾನು ಪ್ರತಿ ಬಿಲ್ಲನ್ನೂ ಪೂರ್ತಿ ರೂಪಾಯಿಗೆ ತರ್ತೀನಿ. ಪೈಸೆಗಳದ್ದೇ ಒಂದು ಲೆಡ್ಜರ್ ಇದೆ." ತೆಗೆದು ತೋರಿಸಿದರು, ಸರಿಯಾಗಿ ಅಷ್ಟೇ ಇತ್ತು. ತೂಕದ ವ್ಯಾಪಾರದಲ್ಲಿ ಪೈಸೆ ಬಂದೇ ಬರುತ್ತದೆ, ನನ್ನ ಪ್ರೋಗ್ರಾಂ ಅದನ್ನು ಹಾಗೇ ಕೂಡುತ್ತಿತ್ತು. ಇದನ್ನು ತಿದ್ದಲಿಲ್ಲ, ರಿಪೋರ್ಟ್‌ನ ಕೆಳಗೆ ಒಂದು ಸಾಲು ಸೇರಿಸಿದೆ ಅಷ್ಟೇ.

ತಾರೀಖಿನ ತಪ್ಪಿಗೆ ಬೇಕಾಗಿದ್ದದ್ದು ಇಷ್ಟೇ. `created_at` ಅಂತ ಇದ್ದಲ್ಲೆಲ್ಲ ಇದು:

```sql
CONVERT_TZ(created_at, '+00:00', '+05:30')
```

ಮೇಡಂ ಎದ್ದವರು ಮತ್ತೆ ಕೂತರು. "ಹಾಗಾದ್ರೆ ಹಿಂದಿನ ತಿಂಗಳುಗಳದ್ದು?"

ಅವೂ ತಪ್ಪೇ. ಒಂದು ತಿಂಗಳು ಹೆಚ್ಚು, ಇನ್ನೊಂದು ತಿಂಗಳು ಕಡಿಮೆ, ವ್ಯತ್ಯಾಸ ಸಣ್ಣದಿದ್ದಾಗ ಯಾರೂ ಕೇಳಿರಲಿಲ್ಲ. ಅಂದು ಸಂಜೆ ಹನ್ನೊಂದು ತಿಂಗಳ ರಿಪೋರ್ಟ್ ಮತ್ತೆ ತೆಗೆಯಲು ಕೂತೆ. ಟ್ಯಾಲಿಯ ಲೆಕ್ಕ ಓದಿ ಹೇಳಲು ಅಕೌಂಟೆಂಟ್ ಸರ್ ತಮ್ಮ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಬಂದರು.